ಕಾನ್ಫರೆನ್ಸಲ್ಲಿ ಸಿಕ್ಕಿದ್ದವರಿಗೆ ಮೂರು ತಿಂಗಳಾದ್ಮೇಲೆ ಮೇಲ್ ಹಾಕ್ಬೇಕು, ನಾನು ಯಾರು ಅಂತ ನೆನಪಿಸೋದು ಹೇಗೆ?

ಹೊಸಚಿಗುರು
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಒಂದು ಡೇಟಾಬೇಸ್ ಕಾನ್ಫರೆನ್ಸಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಪೋಸ್ಟ್‌ಗ್ರೆಸ್ ಬಗ್ಗೆ ಮಾತಾಡಿದ್ರು, ಡೇಟಾಬೇಸ್ ನಿಲ್ಲಿಸದೇನೆ ಹಳೇ ವರ್ಷನ್ನಿಂದ ಹೊಸ ವರ್ಷನ್ನಿಗೆ ಹೋಗೋದು ಹೇಗೆ ಅಂತ. ಸೆಷನ್ ಮುಗಿದ್ಮೇಲೆ ಹಾಲ್ ಹೊರಗಡೆ ಸಿಕ್ಕಿದ್ರು, ಕನ್ನಡದವರೇ ಅಂತ ಗೊತ್ತಾಗಿ ಸುಮಾರು ಹೊತ್ತು ನಿಂತ್ಕೊಂಡೇ ಮಾತಾಡಿದ್ವಿ. ಅವರು ಕೆಲಸ ಮಾಡ್ತಿರೋದು ಜರ್ಮನಿಯಲ್ಲಿ. ಹೊರಡುವಾಗ "ಏನಾದ್ರೂ ಬೇಕಿದ್ರೆ ಮೇಲ್ ಹಾಕಿ" ಅಂತ ಕಾರ್ಡ್ ಕೊಟ್ರು.

ಈಗ ನಮ್ಮ ಆಫೀಸಲ್ಲೂ ಅದೇ ಕೆಲಸ ನನ್ನ ತಲೆ ಮೇಲೆ ಬಂದಿದೆ, ಅವರ ಹತ್ರ ಒಂದು ಕಾಲಲ್ಲಿ ಮಾತಾಡಿದ್ರೆ ತುಂಬಾ ಸಹಾಯ ಆಗುತ್ತೆ. ಕೆಳಗಿನ ಥರ ಬರ್ದಿಟ್ಟಿದೀನಿ, ಇನ್ನೂ ಕಳಿಸಿಲ್ಲ:

"ನಮಸ್ಕಾರ ಸರ್, ಹೇಗಿದ್ದೀರಿ? ನನ್ನ ನೆನಪಿದೆ ಅಂದ್ಕೊಂಡಿದೀನಿ. ನಾವು ಜುಲೈನಲ್ಲಿ ಕಾನ್ಫರೆನ್ಸಲ್ಲಿ ಭೇಟಿಯಾಗಿದ್ವಿ. ನಿಮ್ಮ ಜೊತೆ ಮಾತಾಡಿದ್ದು ತುಂಬಾ ಖುಷಿ ಕೊಡ್ತು. ನಿಮಗೆ ಬಿಡುವಾದಾಗ ಒಂದು ಕಾಲ್ ಮಾಡೋಣ್ವಾ? ನಿಮ್ಮ ಉತ್ತರಕ್ಕೆ ಕಾಯ್ತಿರ್ತೀನಿ."

ಸಬ್ಜೆಕ್ಟ್: "ಕಾನ್ಫರೆನ್ಸಲ್ಲಿ ಭೇಟಿ". ಇದು ಸರಿ ಇದೆಯಾ? ಅವರು ಅವತ್ತು ಎಷ್ಟು ಜನರ ಹತ್ರ ಮಾತಾಡಿದಾರೋ, ನನ್ನ ನೆನಪಿಸೋದು ಹೇಗೆ ಅನ್ನೋದೇ ನನ್ನ ಚಿಂತೆ.

ನೇರಮಾತು
ಕಾರ್ಡಲ್ಲಿ ಫೋನ್ ನಂಬರ್ ಇರುತ್ತಲ್ವಾ, ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿ ಮುಗಿಸಿ. ಇದಕ್ಕೆಲ್ಲಾ ಮೇಲ್ ಯಾಕೆ.

ಮೂರನೇಸಾಲು
@ನೇರಮಾತು ಅವರು ಬಾಯಲ್ಲಿ ಹೇಳಿದ್ದೇ "ಮೇಲ್ ಹಾಕಿ" ಅಂತ. ಅವರು ತೋರಿಸಿದ ಬಾಗಿಲು ಬಿಟ್ಟು ಬೇರೆ ಕಡೆಯಿಂದ ಹೋಗೋದು ಬೇಡ. ಕಾರ್ಡಲ್ಲಿ ನಂಬರ್ ಇದ್ದ ಮಾತ್ರಕ್ಕೆ ಸ್ವಂತ ಫೋನಿಗೆ ಮೆಸೇಜ್ ಬರ್ಲಿ ಅಂತ ಅರ್ಥ ಅಲ್ಲ.

ಹಳೇಶಾಯಿ
ನಾನು ಬಹಳ ವರ್ಷದಿಂದ ಕಾನ್ಫರೆನ್ಸಲ್ಲಿ ಸೆಷನ್ ಕೊಡ್ತಾ, ಆಯೋಜನೆ ಮಾಡೋ ತಂಡದಲ್ಲೂ ಇದ್ದು, ಇಂಥ ಮೇಲ್ ಪಡೆಯೋ ಕಡೆ ಇರೋನು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಮೇಲಲ್ಲಿ ಒರಟು ಏನೂ ಇಲ್ಲ, ಆದ್ರೆ ಅದನ್ನ ಓದಿದವರಿಗೆ ನೀವು ಯಾರು ಅಂತ ಹುಡುಕೋಕೆ ಒಂದು ಎಳೆಯೂ ಸಿಗಲ್ಲ. "ನೆನಪಿದೆ ಅಂದ್ಕೊಂಡಿದೀನಿ" ಅನ್ನೋ ಸಾಲು ನೋಡಿದ ತಕ್ಷಣ ಆ ಮನುಷ್ಯನಿಗೆ ಎರಡೇ ದಾರಿ, ಒಂದು ನೆನಪಿದೆ ಅಂತ ಸುಳ್ಳು ಹೇಳ್ಬೇಕು, ಇಲ್ಲಾ ನೆನಪಿಲ್ಲ ಅಂತ ನಿಮ್ಮ ಮನಸ್ಸಿಗೆ ನೋವಾಗೋ ಹಾಗೆ ಹೇಳ್ಬೇಕು. ಎರಡೂ ಬೇಡ ಅಂತ ಜನ ಆಮೇಲೆ ನೋಡೋಣ ಅಂತ ಪಕ್ಕಕ್ಕಿಡ್ತಾರೆ, ಆ ಆಮೇಲೆ ಬರೋದೇ ಇಲ್ಲ. ಉತ್ತರ ಬರದೇ ಇರೋದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಅವರ ನೆನಪನ್ನ ಪರೀಕ್ಷೆ ಮಾಡ್ಬೇಡಿ, ನೆನಪನ್ನ ನೀವೇ ತೆಗೆದು ಕೈಗೆ ಕೊಡಿ. ಅದಕ್ಕೆ ಕಾನ್ಫರೆನ್ಸ್ ಹೆಸರು, ತಿಂಗಳು ಸಾಲಲ್ಲ, ಅವೆರಡೂ ಅವತ್ತು ಅವರಿಗೆ ಸಿಕ್ಕ ಎಲ್ಲರಿಗೂ ಒಂದೇ. ನಿಮಗೆ ಮಾತ್ರ ಸೇರಿದ್ದು ಏನಿದೆ ಅದನ್ನ ಹೇಳ್ಬೇಕು. ನಮ್ಮ ಅನುಭವದಲ್ಲಿ ಎದುರಿಗಿದ್ದವರ ಮುಖ, ಹೆಸರು ಬೇಗ ಮರೆತುಹೋಗುತ್ತೆ, ಆದ್ರೆ ತಾವು ಉತ್ಸಾಹದಿಂದ ಏನು ಹೇಳಿದ್ವಿ ಅನ್ನೋದು ಉಳಿದಿರುತ್ತೆ. ಅದಕ್ಕೇ ಕೇಳ್ತೀನಿ, ಅವತ್ತು ಅವರು ನಿಮ್ಮ ಹತ್ರ ಏನು ಹೇಳಿದ್ರು? ಸ್ಟೇಜ್ ಮೇಲೆ ಹೇಳಿದ್ದಲ್ಲ, ಹೊರಗಡೆ ನಿಂತಾಗ ಹೇಳಿದ್ದು.

ಸುಮ್ನೆಓದ್ತೀನಿ
ಆ ಎರಡೇ ದಾರಿ ಅನ್ನೋದು ನೂರಕ್ಕೆ ನೂರು ನಿಜ. ನನ್ನ ಇನ್‌ಬಾಕ್ಸಲ್ಲಿ ಅಂಥವು ಈಗ್ಲೂ ಇವೆ.

ಬೆಟ್ಟದಹಾದಿ
ನಂದೂ ಇದೇ ಕಥೆ. ಒಂದು ಕಾನ್ಫರೆನ್ಸಲ್ಲಿ ಒಂದು ಕಂಪನಿ ಸ್ಟಾಲಲ್ಲಿ ರೆಸ್ಯೂಮೆ ಕೊಟ್ಟು ಬಂದಿದ್ದೆ, ಅವರು ತಿಳಿಸ್ತೀವಿ ಅಂದ್ರು, ಇವತ್ತಿನವರೆಗೂ ಸುದ್ದಿ ಇಲ್ಲ. ಕೆಲಸ ಕೇಳೋ ಮೇಲಲ್ಲಿ ಸಂಬಳದ ವಿಷಯ ಮೊದಲೇ ಬರೀಬೇಕಾ ಅಥವಾ ಕಾಲಲ್ಲಿ ಮಾತಾಡ್ಬೇಕಾ?

ಮೂರನೇಸಾಲು
@ಬೆಟ್ಟದಹಾದಿ ಇಲ್ಲಿ ಕೇಳಿರೋದು ಕೆಲಸದ ವಿಷಯ ಅಲ್ಲ, ಗೊತ್ತಿರೋರ ಹತ್ರ ಸಲಹೆ ಕೇಳೋಕೆ ಕಾಲ್. ನಿಮ್ಮದಕ್ಕೆ ಬೇರೆ ಥ್ರೆಡ್ ಹಾಕಿ, ಅಲ್ಲಿ ಚೆನ್ನಾಗಿ ಉತ್ತರ ಸಿಗುತ್ತೆ.

ಬೆಟ್ಟದಹಾದಿ
ಸರಿ, ಆದ್ರೂ ನೆನಪಿಸೋದು ಎರಡರಲ್ಲೂ ಇದೆಯಲ್ಲ. ಆ ಸ್ಟಾಲಲ್ಲಿ ಇದ್ದವರ ಹೆಸರೇ ನನಗೆ ಗೊತ್ತಿಲ್ಲ, ಬರೀ ಕಂಪನಿಯ ಒಂದು ಸಾಮಾನ್ಯ ಮೇಲ್ ಐಡಿ ಇದೆ, ಅದಕ್ಕೆ ಯಾರು ಅಂತ ಸಂಬೋಧಿಸೋದು.

ಹೊಸಚಿಗುರು
@ಹಳೇಶಾಯಿ ತುಂಬಾ ಥ್ಯಾಂಕ್ಸ್. ಅವರು ಹೇಳಿದ್ದು ಚೆನ್ನಾಗಿ ನೆನಪಿದೆ. ಸ್ಟೇಜ್ ಮೇಲೆ ಎಲ್ಲಾ ಸಲೀಸಾಗಿ ಹೋಯ್ತು ಅನ್ನೋ ಹಾಗೆ ಹೇಳಿದ್ರು, ಹೊರಗಡೆ ಮಾತ್ರ ನಿಜ ಕಥೆ ಬಂತು. ಲಾಜಿಕಲ್ ರೆಪ್ಲಿಕೇಶನ್ನಲ್ಲಿ ಟೇಬಲ್ ಡೇಟಾ ಎಲ್ಲಾ ಹೊಸ ಸರ್ವರಿಗೆ ಬಂತಂತೆ, ಹೊಸ ರೋಗೆ ಮುಂದಿನ ನಂಬರ್ ಎಷ್ಟು ಅಂತ ಲೆಕ್ಕ ಇಡೋ ಸೀಕ್ವೆನ್ಸ್ ನಂಬರ್ ಮಾತ್ರ ಜೊತೆಗೆ ಬರ್ಲಿಲ್ಲ, ಬದಲಾಯಿಸಿದ ರಾತ್ರಿ ಹೊಸ ರೋ ಹಾಕೋಕೆ ಹೋದಾಗ ಡೂಪ್ಲಿಕೇಟ್ ಕೀ ಎರರ್ ಸುರಿಮಳೆ. ಅದನ್ನ ನಗ್ತಾ ಹೇಳಿದ್ರು. ನಾನು ಕೇಳಿದ್ದು, ಏನಾದ್ರೂ ಎಡವಟ್ಟಾದ್ರೆ ಹಳೇ ಸರ್ವರಿಗೆ ವಾಪಸ್ ಬರೋ ದಾರಿ ಇಟ್ಕೊಂಡಿದ್ರಾ ಅಂತ. ಅದಕ್ಕೆ ಉತ್ತರ ಹೇಳೋಕೆ ಶುರು ಮಾಡಿದ್ರು, ಅಷ್ಟರಲ್ಲಿ ಯಾರೋ ಬಂದು ಕರ್ಕೊಂಡು ಹೋದ್ರು.

ಹಳೇಶಾಯಿ
ಅಷ್ಟು ಇಟ್ಕೊಂಡು ಆ ಮೇಲ್ ಬರ್ದಿದ್ರಾ! ನಿಮ್ಮ ಹತ್ರ ಎಲ್ಲಾ ಇದೆ. ಸೀಕ್ವೆನ್ಸ್ ಕಥೆ ಅವರು ಸ್ಟೇಜ್ ಮೇಲೆ ಹೇಳಿಲ್ಲ ಅಂದ್ರೆ ಅದನ್ನ ಕೇಳಿದವರು ಬೆರಳೆಣಿಕೆ ಜನ, ಆ ಸಾಲು ಓದಿದ ಕೂಡ್ಲೇ ಆ ಜಾಗ, ಆ ಹೊತ್ತು ಅವರ ಕಣ್ಣಮುಂದೆ ಬರುತ್ತೆ. ಮಾತು ಅರ್ಧಕ್ಕೆ ನಿಂತಿದ್ದು ಇನ್ನೂ ಒಳ್ಳೇದು, ಕಾಲ್ ಯಾಕೆ ಅನ್ನೋದಕ್ಕೆ ಬೇರೆ ಕಾರಣ ಹುಡುಕೋದೇ ಬೇಡ, ಆ ಅರ್ಧ ಮಾತನ್ನ ಪೂರ್ತಿ ಮಾಡೋಕೆ.

ಸಾಲುಗಳ ಕ್ರಮ ಹೀಗಿರ್ಲಿ: ಮೊದಲು ಎಲ್ಲಿ ಸಿಕ್ಕಿದ್ವಿ, ಯಾವ ಗಳಿಗೆಯಲ್ಲಿ. ಆಮೇಲೆ ಅವರು ಹೇಳಿದ್ದು. ಆಮೇಲೆ ನೀವು ಕೇಳಿದ್ದು. ನಿಮ್ಮ ಹೆಸರು, ಕೆಲಸ ಒಂದೇ ಸಾಲಲ್ಲಿ ಸಾಕು. ಬಹಳ ಜನ ಇದನ್ನ ತಿರುಗಿಸಿ ಬರೀತಾರೆ, "ನಾನು ಇಂಥವರು, ಇಷ್ಟು ವರ್ಷದ ಅನುಭವ, ಇಂಥ ಕಂಪನಿ" ಅಂತ ಒಂದು ಪ್ಯಾರಾ ಆದ್ಮೇಲೆ ಭೇಟಿಯ ವಿಷಯ. ಅಷ್ಟೊತ್ತಿಗೆ ಓದೋರು ಇದು ಯಾವುದೋ ಮಾರಾಟದ ಮೇಲ್ ಅಂತ ತೀರ್ಮಾನ ಮಾಡಿರ್ತಾರೆ.

ಒಂದು ಎಚ್ಚರಿಕೆ. ಆ ಕಥೆ ಅವರು ಖಾಸಗಿಯಾಗಿ ಹೇಳಿದ್ದು, ಅವರ ಕಂಪನಿಯಲ್ಲಿ ಆದ ಎಡವಟ್ಟು. ನೀವು ಹಾಕ್ತಿರೋದು ಅವರ ಆಫೀಸ್ ಮೇಲ್‌ಗೆ. ಮೇಲ್ ಯಾರಿಗಾದ್ರೂ ಫಾರ್ವರ್ಡ್ ಆದ್ರೂ ಅವರಿಗೆ ಮುಜುಗರ ಆಗಬಾರದು. "ಸೀಕ್ವೆನ್ಸ್ ನಂಬರ್ ಬಗ್ಗೆ ಹುಷಾರಾಗಿರಿ ಅಂತ ಹೇಳಿದ್ರಿ" ಅಷ್ಟು ಸಾಕು, ರಾತ್ರಿ ಎರರ್ ಬಂದಿದ್ದೆಲ್ಲಾ ಬರೀಬೇಡಿ. ಸುಳಿವು ಅಷ್ಟರಲ್ಲೇ ಸಿಗುತ್ತೆ.

ದಾರಿಹೋಕ
ಕೊನೇ ಪ್ಯಾರಾ ಯಾರೂ ಹೇಳದೇ ಇರೋ ಮಾತು. ನಮ್ಮ ಟೀಮಲ್ಲಿ ಒಬ್ಬರು ಹೊರಗಡೆ ಮಾತಾಡಿದ್ದು ಹೀಗೇ ಮೇಲಲ್ಲಿ ಬಂದು, ಅದನ್ನ ಅವರು ಮ್ಯಾನೇಜರಿಗೆ ಸಿಸಿ ಹಾಕಿ ಉತ್ತರ ಕೊಡುವಾಗ ಕೆಳಗಡೆ ಪೂರ್ತಿ ಮೇಲ್ ಹಾಗೇ ಹೋಗಿ ಏನೇನೋ ಆಯ್ತು.

ಕಾಲ್‌ಪ್ರಿಯ
ಇಷ್ಟೆಲ್ಲಾ ಯಾಕೆ, ನಾನಾದ್ರೆ ನೇರ ಕ್ಯಾಲೆಂಡರ್ ಇನ್ವೈಟ್ ಕಳಿಸ್ತೀನಿ. ಡಿಸ್ಕ್ರಿಪ್ಶನ್ನಲ್ಲಿ ಎಲ್ಲಿ ಸಿಕ್ಕಿದ್ವಿ ಅಂತ ಬರೀತೀನಿ. ಅವರು ಒಪ್ಪಿದ್ರೆ ಒಂದು ಕ್ಲಿಕ್, ಇಲ್ಲಾಂದ್ರೆ ಬೇರೆ ಟೈಮ್ ಸೂಚಿಸ್ತಾರೆ. ಮೇಲಲ್ಲಿ "ನಿಮಗೆ ಯಾವಾಗ ಬಿಡುವು", "ನಿಮಗೆ ಯಾವಾಗ ಬಿಡುವು" ಅಂತ ನಾಲ್ಕು ಸಲ ಹೋಗಿ ಬರೋದು ತಪ್ಪುತ್ತೆ. ಇಬ್ಬರಿಗೂ ಟೈಮ್ ಉಳಿಯುತ್ತೆ.

ಮೂರನೇಸಾಲು
ಒಂದು ಸಲ ಸಿಕ್ಕವರು ಕೇಳದೇ ನನ್ನ ಕ್ಯಾಲೆಂಡರಲ್ಲಿ ಕೂತ್ಕೊಂಡ್ರೆ ನನಗೆ ಕೋಪ ಬರುತ್ತೆ. ಅದು ಕೇಳಿಕೆ ಅಲ್ಲ, ಅಪ್ಪಣೆ.

ಹಳೇಶಾಯಿ
@ಕಾಲ್‌ಪ್ರಿಯ ನೀವು ಹೇಳಿದ್ದರಲ್ಲಿ ಅರ್ಧ ಒಪ್ತೀನಿ. "ನಿಮಗೆ ಬಿಡುವಾದಾಗ" ಅಂತ ಬಿಟ್ಟರೆ ಅದು ಎಲ್ಲೂ ಮುಟ್ಟಲ್ಲ, ಟೈಮ್ ನಾವೇ ಮುಂದಿಡ್ಬೇಕು, ನಿಜ. ಆದ್ರೆ ಇನ್ವೈಟ್ ಮೊದಲ ಮೇಲಾಗಿ ಹೋಗಬಾರದು. ಮೂರನೇಸಾಲು ಹೇಳಿದ ಕಾರಣ ಒಂದು, ಇನ್ನೊಂದು ತಾಂತ್ರಿಕ. ಗೂಗಲ್ ಕ್ಯಾಲೆಂಡರಲ್ಲಿ ಗೊತ್ತಿರೋರಿಂದ ಬಂದ ಇನ್ವೈಟ್ ಮಾತ್ರ ತಾನಾಗೇ ಸೇರೋ ಹಾಗೆ ಸೆಟ್ಟಿಂಗ್ ಇಟ್ಕೋಬಹುದು. ಅಪರಿಚಿತ ಕ್ಯಾಲೆಂಡರ್ ಸ್ಪಾಮ್ ಕಾಟಕ್ಕೆ ತುಂಬಾ ಜನ ಹಾಗೇ ಇಟ್ಟಿರ್ತಾರೆ. ಆಗ ನಿಮ್ಮ ಇನ್ವೈಟ್ ಕ್ಯಾಲೆಂಡರಲ್ಲಿ ಕಾಣಿಸೋದೇ ಇಲ್ಲ. ಅವರು ಮೇಲಲ್ಲಿ ಹೂಂ ಅಂದ್ಮೇಲೆ ಇನ್ವೈಟ್ ಕಳಿಸಿ, ಆಗ ಅದು ಸೌಕರ್ಯ.

ಕಾಲ್‌ಪ್ರಿಯ
ಹಾಗಾದ್ರೆ ಬುಕಿಂಗ್ ಲಿಂಕ್? ಅವರೇ ತಮಗೆ ಬೇಕಾದ ಸ್ಲಾಟ್ ಆರಿಸ್ಕೊಳ್ಳಲಿ. ಟೈಮ್‌ಝೋನ್ ಕೂಡ ತಾನಾಗೇ ಬದಲಾಗುತ್ತೆ. ಇದರಲ್ಲಿ ಯಾರಿಗೂ ಅಪ್ಪಣೆ ಇಲ್ಲ.

ದಾರಿಹೋಕ
ನನಗೆ ಲಿಂಕ್ ಇಷ್ಟ. ಎರಡು ದೇಶದ ಮಧ್ಯೆ ಅದೇ ವಾಸಿ.

ಮೂರನೇಸಾಲು
ಸಹಾಯ ಕೇಳ್ತಿರೋದು ನಾವು, "ಬಂದು ನನ್ನ ಖಾಲಿ ಜಾಗ ನೋಡಿ ಆರಿಸ್ಕೊಳ್ಳಿ" ಅಂತ ಅವರಿಗೆ ಹೇಳೋದು ಸರಿ ಅನ್ಸಲ್ಲ. ನಾನು ಇರೋದು ಸಂಶೋಧನೆ ಕಡೆ, ಅಲ್ಲಿ ಹಿರಿಯರಿಗೆ ಲಿಂಕ್ ಕಳಿಸಿದ್ರೆ ಮುಖ ಗಂಟು ಹಾಕ್ತಾರೆ.

ಕಾಲ್‌ಪ್ರಿಯ
ಅದು ನಿಮ್ಮ ಕಡೆಯ ಹಿರಿಯರ ವಿಷಯ. ಸಾಫ್ಟ್‌ವೇರ್ ಕಡೆ ಲಿಂಕ್ ಕಳಿಸದಿದ್ರೇನೆ ಬೇಜಾರು ಮಾಡ್ಕೋತಾರೆ.

ಹಳೇಶಾಯಿ
ಇಬ್ಬರೂ ಹೇಳಿದ್ದು ಸರಿ ಇದೆ, ಎದುರಿಗಿರೋರು ಯಾರು ಅನ್ನೋದರ ಮೇಲೆ ಹೋಗುತ್ತೆ. ನಾನು ಮಾಡೋದು, ಮೇಲಲ್ಲಿ ಎರಡು ಮೂರು ಟೈಮ್ ಬರೀತೀನಿ, ಒಪ್ಪಿಗೆ ಆಗದಿದ್ರೆ ನಿಮಗೆ ಬೇಕಾದ ಹೊತ್ತು ಹೇಳಿ ನಾನು ಹೊಂದಿಸ್ಕೋತೀನಿ ಅಂತೀನಿ. ಲಿಂಕ್ ಬೇಕಿದ್ರೆ ಅವರ ಉತ್ತರ ಬಂದ್ಮೇಲೆ. ಮೊದಲ ಮೇಲಲ್ಲಿ ಲಿಂಕ್, ಅಟ್ಯಾಚ್ಮೆಂಟ್ ಬೇಡ ಅನ್ನೋಕೆ ಬೇರೆ ಕಾರಣವೂ ಇದೆ. ಎಷ್ಟೋ ಕಂಪನಿಯಲ್ಲಿ ಹೊರಗಿನಿಂದ ಬಂದ ಮೇಲ್ ಮೇಲೆ "ಹೊರಗಿನವರಿಂದ ಬಂದಿದ್ದು, ಲಿಂಕ್ ಒತ್ತೋ ಮುಂಚೆ ಯೋಚಿಸಿ" ಅಂತ ಪಟ್ಟಿ ಬರುತ್ತೆ. ಮೊದಲ ಸಲ ಬರ್ತಿರೋ ಐಡಿ, ಒಳಗೆ ಲಿಂಕ್, ಜೊತೆಗೊಂದು ಫೈಲ್ ಅಂದ್ರೆ ಫಿಲ್ಟರ್ ಅದನ್ನ ಪಕ್ಕಕ್ಕೆ ತಳ್ಳೋ ಸಾಧ್ಯತೆ ಜಾಸ್ತಿ. ಬರೀ ಅಕ್ಷರದ ಮೇಲ್ ಹೋಗ್ಲಿ.

ಸುಮ್ನೆಓದ್ತೀನಿ
ಅವತ್ತು ಒಟ್ಟಿಗೆ ತೆಗೆಸ್ಕೊಂಡ ಫೋಟೋ ಇದ್ರೆ? ನೆನಪಿಸೋಕೆ ಅದಕ್ಕಿಂತ ಚೆನ್ನಾಗಿರೋದು ಏನಿದೆ.

ಹಳೇಶಾಯಿ
ಫೋಟೋ ಇದ್ರೆ ನೆನಪಾಗೋದು ಖಂಡಿತ, ಆದ್ರೆ ಮೇಲಿನ ಅಟ್ಯಾಚ್ಮೆಂಟ್ ತೊಂದರೆ ಅಲ್ಲೂ ಇದೆ. ಹಲವು ಮೇಲ್ ಆ್ಯಪಲ್ಲಿ ಹೊಸಬರ ಚಿತ್ರ ತಾನಾಗೇ ತೆರೆಯೋದೂ ಇಲ್ಲ. ಎರಡನೇ ಮೇಲಿಗೆ ಇಟ್ಕೊಳ್ಳಿ.

ಹೊಸಚಿಗುರು
ಫೋಟೋ ಇಲ್ಲ, ಆ ಚಿಂತೆ ಬಿಡಿ. ಇಲ್ಲಿವರೆಗೆ ಓದಿದ್ದು ಇಟ್ಕೊಂಡು ಹೊಸದಾಗಿ ಬರ್ದೆ, ನೋಡಿ ಹೇಳಿ:

"ನಮಸ್ಕಾರ,
ಜುಲೈ ಕಾನ್ಫರೆನ್ಸಲ್ಲಿ ನಿಮ್ಮ ಸೆಷನ್ ಮುಗಿದ ಮೇಲೆ ಹಾಲ್ ಬಾಗಿಲ ಹತ್ತಿರ ನಾವು ಕನ್ನಡದಲ್ಲಿ ಸ್ವಲ್ಪ ಹೊತ್ತು ಮಾತಾಡಿದ್ವಿ. ವರ್ಷನ್ ಬದಲಾಯಿಸುವಾಗ ಸೀಕ್ವೆನ್ಸ್ ನಂಬರ್ ಕಡೆ ಗಮನ ಇಡಿ ಅಂತ ನೀವು ಹೇಳಿದ್ರಿ. ಹಳೇ ಸರ್ವರಿಗೆ ವಾಪಸ್ ಬರೋ ದಾರಿ ಬಗ್ಗೆ ನಾನು ಕೇಳಿದ್ದೆ, ಅಷ್ಟರಲ್ಲಿ ನಿಮ್ಮನ್ನ ಕರೆದ್ರು, ಮಾತು ಅಲ್ಲಿಗೇ ನಿಂತಿತ್ತು.
ಈಗ ನಮ್ಮ ತಂಡದಲ್ಲೂ ಅದೇ ಕೆಲಸ ಶುರುವಾಗಿದೆ, ನೋಡ್ಕೊಳ್ತಿರೋದು ನಾನೇ. ಆ ಪ್ರಶ್ನೆ ಬಗ್ಗೆ ನಿಮ್ಮ ಜೊತೆ 20 ನಿಮಿಷ ಮಾತಾಡೋಕೆ ಸಾಧ್ಯವಾ? ಈ ಗುರುವಾರ ಅಥವಾ ಮುಂದಿನ ಮಂಗಳವಾರ ಮಧ್ಯಾಹ್ನ 2.30ಕ್ಕೆ ಆಗಬಹುದು, ನಿಮಗೆ ಅದು ಬೆಳಿಗ್ಗೆ 11. ಬೇರೆ ಹೊತ್ತಾದ್ರೂ ಹೊಂದಿಸ್ಕೋತೀನಿ."

ಕೊನೆಗೆ ಹೆಸರು ಹಾಕ್ತೀನಿ.

ಗಡಿಯಾರದಮುಳ್ಳು
ಮೇಲ್ ಚೆನ್ನಾಗಿದೆ ಆದ್ರೆ ಟೈಮ್ ತಪ್ಪಾಗುತ್ತೆ, ದಯವಿಟ್ಟು ಹೀಗೇ ಕಳಿಸ್ಬೇಡಿ! ಯುರೋಪಲ್ಲಿ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಅದು ಇದೇ ಭಾನುವಾರ. ಗುರುವಾರ ನಮಗೂ ಅವರಿಗೂ ವ್ಯತ್ಯಾಸ 3 ಗಂಟೆ 30 ನಿಮಿಷ, ನಮ್ಮ 2.30 ಅಂದ್ರೆ ಅವರಿಗೆ 11, ಸರಿ. ಆದ್ರೆ ಮಂಗಳವಾರದ ಹೊತ್ತಿಗೆ ವ್ಯತ್ಯಾಸ 4 ಗಂಟೆ 30 ನಿಮಿಷ ಆಗಿರುತ್ತೆ, ನಮ್ಮ 2.30 ಅವರಿಗೆ 10 ಗಂಟೆ. ನೀವು 2.30ಕ್ಕೆ ಕಾದು ಕೂತಿರ್ತೀರಿ, ಅವರು ಅವರ 11ಕ್ಕೆ, ಅಂದ್ರೆ ನಮ್ಮ 3.30ಕ್ಕೆ ಬರ್ತಾರೆ.

ನಮ್ಮಲ್ಲಿ ಗಡಿಯಾರ ಬದಲಾಗೋದೇ ಇಲ್ವಲ್ಲ, ಅದಕ್ಕೇ ಇದು ನಮಗೆ ತಲೆಗೆ ಹೊಳೆಯಲ್ಲ. ಅಮೆರಿಕದಲ್ಲಿ ಇನ್ನೊಂದು ವಾರ ಕಳೆದು ನವೆಂಬರ್ ಮೊದಲ ಭಾನುವಾರ ಬದಲಾಗುತ್ತೆ, ಹಾಗಾಗಿ ಈ ಮಧ್ಯದ ವಾರದಲ್ಲಿ ಎರಡೂ ಕಡೆಯವರ ಜೊತೆ ಕಾಲ್ ಇದ್ರೆ ಇನ್ನೂ ಗೊಂದಲ. ನಾನು ಯಾವಾಗ್ಲೂ ಅವರ ಟೈಮ್ ಮೊದಲು ಬರೀತೀನಿ, "ನಿಮ್ಮ ಬೆಳಿಗ್ಗೆ 11 ಗಂಟೆ, ಜರ್ಮನಿ ಸಮಯ" ಅಂತ, ನಮ್ಮದು ಲೆಕ್ಕ ಹಾಕ್ಕೊಳ್ಳೋ ಕಷ್ಟ ನಮಗಿರ್ಲಿ.

ಕಾಲ್‌ಪ್ರಿಯ
ಇದಕ್ಕೇ ನಾನು ಲಿಂಕ್ ಅಂದಿದ್ದು.

ಗಡಿಯಾರದಮುಳ್ಳು
@ಕಾಲ್‌ಪ್ರಿಯ ಲಿಂಕಲ್ಲಿ ಈ ತಪ್ಪು ಆಗಲ್ಲ, ಅದನ್ನ ಒಪ್ಕೋತೀನಿ. ಆದ್ರೆ ಫೋನಲ್ಲಿ ಟೈಮ್‌ಝೋನ್ ಬೇರೆ ಇಟ್ಟವರಿಗೆ ಅಲ್ಲೂ ತಪ್ಪಾಗಿದ್ದು ನೋಡಿದೀನಿ.

ದಾರಿಹೋಕ
ಈ ಗಡಿಯಾರ ಬದಲಾಯಿಸೋದು ನಿಲ್ಲಿಸ್ತಾರೆ ಅಂತ ಸುದ್ದಿ ಇತ್ತಲ್ಲ, ಏನಾಯ್ತು?

ಗಡಿಯಾರದಮುಳ್ಳು
2019ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ನಿಲ್ಲಿಸೋ ಪರ ವೋಟ್ ಹಾಕಿತ್ತು, ಸದಸ್ಯ ದೇಶಗಳು ಒಮ್ಮತಕ್ಕೆ ಬರ್ಲಿಲ್ಲ, ಹಾಗೇ ನಿಂತಿದೆ. ಅದರ ಬಗ್ಗೆ ಬರೀತಾ ಹೋದ್ರೆ ಈ ಥ್ರೆಡ್ ಎಲ್ಲಿಗೋ ಹೋಗುತ್ತೆ.

ಹಳೇಶಾಯಿ
@ಹೊಸಚಿಗುರು ಈ ಮೇಲ್ ನನಗೆ ಬಂದಿದ್ರೆ ಅವತ್ತೇ ಉತ್ತರ ಕೊಡ್ತಿದ್ದೆ. ಟೈಮ್ ತಿದ್ದಿ. ಗುರುವಾರ ಬಿಡಿ, ಅದು ತೀರಾ ಹತ್ತಿರ, ಮೇಲ್ ನೋಡೋಕೇ ಅವರಿಗೆ ಎರಡು ದಿನ ಬೇಕಾಗಬಹುದು. ಮುಂದಿನ ವಾರದ್ದೇ ಎರಡು ದಿನ ಕೊಟ್ರೆ ಗಡಿಯಾರದ ಗೊಂದಲವೂ ಇರಲ್ಲ, ಎರಡಕ್ಕೂ ಒಂದೇ ಲೆಕ್ಕ. ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ ಕೊಡಿ, ಎರಡೂ ಒಂದೇ ಹೊತ್ತಿಗೆ ಇಟ್ಟರೆ ಅವರಿಗೆ ಆ ಹೊತ್ತಲ್ಲಿ ದಿನಾ ಮೀಟಿಂಗ್ ಇದ್ರೆ ಎರಡೂ ದಂಡ.

ಇನ್ನೊಂದು, ಬಿಡೋಕೆ ಒಂದು ದಾರಿ ಕೊಡಿ. "ಕಾಲ್ ಕಷ್ಟ ಆದ್ರೆ ಎರಡು ಸಾಲು ಮೇಲಲ್ಲಿ ಬರೆದ್ರೂ ಸಾಕು" ಅಂತ. ಕಾಲಿಗೆ ಒಪ್ಪದವರು ಎಷ್ಟೋ ಸಲ ಆ ಎರಡು ಸಾಲು ಬರೀತಾರೆ, ನಿಮಗೆ ಬೇಕಾದ ಉತ್ತರ ಅದರಲ್ಲೇ ಸಿಗಬಹುದು.

ನೇರಮಾತು
ಅಲ್ಲಾ, ಹಾಗೆ ದಾರಿ ಕೊಟ್ರೆ ಎಲ್ಲರೂ ಆ ದಾರೀನೇ ಹಿಡೀತಾರೆ. ಕಾಲ್ ಬೇಕಿದ್ರೆ ಕಾಲ್ ಕೇಳಿ. ನಾವೇ ನಮ್ಮ ಕೇಳಿಕೆ ಇಳಿಸೋದು ಯಾಕೆ?

ಹಳೇಶಾಯಿ
@ನೇರಮಾತು ಪರಿಚಯ ಗಟ್ಟಿ ಇದ್ರೆ ನೀವು ಹೇಳಿದ್ದೇ ಸರಿ. ಒಂದೇ ಸಲ ನಿಂತ್ಕೊಂಡು ಮಾತಾಡಿದವರ ಹತ್ರ ನಾನು ದಾರಿ ಬಿಟ್ಟೇ ಕೇಳ್ತೀನಿ.

ನೇರಮಾತು
ನನಗೆ ಒಪ್ಪಿಗೆ ಇಲ್ಲ, ಆದ್ರೆ ಅನುಭವ ನಿಮ್ಮದು ಜಾಸ್ತಿ.

ಮೂರನೇಸಾಲು
ಸಬ್ಜೆಕ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ. "ಕಾನ್ಫರೆನ್ಸಲ್ಲಿ ಭೇಟಿ" ಬೇಡ, ಆಯೋಜಕರು ಕಳಿಸೋ ಮೇಲ್ ಥರ ಇದೆ, ಮುಂದಿನ ಕಾನ್ಫರೆನ್ಸಿಗೆ ಟಿಕೆಟ್ ಮಾರ್ತಿದಾರೆ ಅನ್ಸುತ್ತೆ. ಫೋನಲ್ಲಿ ಸಬ್ಜೆಕ್ಟಿನ ಮೊದಲ ನಾಲ್ಕೈದು ಪದ ಅಷ್ಟೇ ಕಾಣೋದು, ಅದಕ್ಕೇ ಅವರಿಗೆ ಮಾತ್ರ ಗೊತ್ತಿರೋ ಪದ ಮೊದಲು ಬರ್ಲಿ. "ಸೀಕ್ವೆನ್ಸ್ ನಂಬರ್ ವಿಷಯ, ಜುಲೈ ಸೆಷನ್ ಆದ್ಮೇಲೆ ಮಾತಾಡಿದ್ದು" ಈ ಥರ. ಹಳೇ ಮಾತುಕತೆ ಇರೋ ಹಾಗೆ ತೋರ್ಸೋಕೆ ಮುಂದೆ `Re:` ಅಂತ ಸುಳ್ಳು ಸೇರಿಸೋರಿದ್ದಾರೆ, ಅದನ್ನ ಮಾತ್ರ ಮಾಡ್ಬೇಡಿ, ಗೊತ್ತಾದ ಕೂಡ್ಲೇ ನಂಬಿಕೆ ಹೋಗುತ್ತೆ.

ಮತ್ತೆ "ನಮಸ್ಕಾರ" ಅಂತ ಬರೀ ಅಷ್ಟಕ್ಕೇ ಬಿಟ್ಟಿದೀರಿ, ಹೆಸರು ಹಾಕಿ. ಕಾರ್ಡಲ್ಲಿ ಹೆಸರು ಹೇಗೆ ಬರ್ದಿದೆಯೋ ಅದೇ ಅಕ್ಷರ ನೋಡಿ ಬರೀರಿ. ಹೆಸರಿಲ್ಲದ ನಮಸ್ಕಾರ ನೂರು ಜನಕ್ಕೆ ಕಳಿಸಿದ ಹಾಗಿರುತ್ತೆ.

ಬೆಟ್ಟದಹಾದಿ
ಹೆಸರೇ ಗೊತ್ತಿಲ್ದೇ ಇದ್ರೆ? ನನ್ನ ಕೇಸಲ್ಲಿ ಅದೇ ತೊಂದರೆ ಅಂದ್ನಲ್ಲ.

ಹಳೇಶಾಯಿ
@ಬೆಟ್ಟದಹಾದಿ ಹೆಸರು ಗೊತ್ತಿಲ್ದೇ ಇದ್ರೂ ಇದೇ ಉಪಾಯ ನಡೆಯುತ್ತೆ. ಸ್ಟಾಲಲ್ಲಿ ಎರಡನೇ ದಿನ ಮಧ್ಯಾಹ್ನ ಇಂಥ ಡೆಮೋ ತೋರಿಸ್ತಿದ್ದವರಿಗೆ ಇದನ್ನ ತಲುಪಿಸ್ತೀರಾ ಅಂತ ಬರೀರಿ, ಆ ಐಡಿ ನೋಡೋರಿಗೆ ಅವತ್ತು ಅಲ್ಲಿ ಯಾರಿದ್ರು ಅಂತ ಗೊತ್ತಿರುತ್ತೆ. ಡೆಮೋದಲ್ಲಿ ನೀವು ಏನು ನೋಡಿದ್ರಿ ಅಂತ ಒಂದು ಸಾಲು ಇರ್ಲಿ. ಆದ್ರೆ ಅಂಥ ಐಡಿಯಿಂದ ಉತ್ತರ ಬರೋದು ಕಷ್ಟ, ಅದಂತೂ ಇದೆ.

ಬೆಟ್ಟದಹಾದಿ
ಇದು ಹೊಳೆದಿರ್ಲಿಲ್ಲ, ಡೆಮೋ ಚೆನ್ನಾಗಿ ನೆನಪಿದೆ. ಇವತ್ತೇ ಬರೀತೀನಿ.

ಸುಮ್ನೆಓದ್ತೀನಿ
ಮೂರು ತಿಂಗಳು ಲೇಟಾಗಿದ್ದಕ್ಕೆ ಕ್ಷಮೆ ಕೇಳ್ಬೇಡ್ವಾ?

ಮೂರನೇಸಾಲು
ಬೇಡ. ಅವರು ಕಾಯ್ತಾ ಕೂತಿರ್ಲಿಲ್ಲ. ಈಗ ಯಾಕೆ ಬರೀತಿದೀನಿ ಅನ್ನೋದು ಮೇಲಲ್ಲೇ ಇದೆ, ಕೆಲಸ ಈಗ ಶುರುವಾಗಿದೆ.

ಹಳೇಶಾಯಿ
ಹೌದು. ಆದ್ರೆ ಇದು ಓದ್ತಿರೋ ಬೇರೆಯವರಿಗೆ ಒಂದು ಮಾತು, ಕಾನ್ಫರೆನ್ಸ್ ಮುಗಿದ ವಾರದಲ್ಲೇ ಎರಡು ಸಾಲು ಹಾಕಿಟ್ರೆ ಮುಂದೆ ತುಂಬಾ ಅನುಕೂಲ. ಏನೂ ಕೇಳ್ಬೇಡಿ, ಇಂಥದ್ದು ಹೇಳಿದ್ರಿ, ಉಪಯೋಗ ಆಯ್ತು ಅಂತಷ್ಟೇ. ಆಮೇಲೆ ಎಷ್ಟೇ ತಿಂಗಳಾದ್ರೂ ಅದೇ ಮೇಲಿಗೆ ಮುಂದುವರಿಸಿ ಬರೀಬಹುದು, ಕೆಳಗಡೆ ಹಳೇದು ಕಾಣಿಸುತ್ತೆ, ನೆನಪಿಸೋ ಕೆಲಸ ಅದೇ ಮಾಡುತ್ತೆ. ಕಾರ್ಡ್ ಸಿಕ್ಕ ಕೂಡ್ಲೇ ಅದರ ಹಿಂದೆ ಏನು ಮಾತಾಡಿದ್ವಿ ಅಂತ ಗೀಚಿಟ್ಕೊಳ್ಳಿ, ಸಂಜೆ ಹೊತ್ತಿಗೆ ನಮಗೇ ಎಲ್ಲಾ ಕಲಸಿಹೋಗಿರುತ್ತೆ.

ದಾರಿಹೋಕ
ಈಗ ಕಾರ್ಡೇ ಎಲ್ಲಿದೆ, ಎಲ್ಲಾ ಬ್ಯಾಡ್ಜ್ ಕ್ಯೂಆರ್ ಸ್ಕ್ಯಾನ್. ಸ್ಕ್ಯಾನ್ ಮಾಡಿ ಮಾಡಿ ಯಾರ್ಯಾರೋ ಕಾಂಟ್ಯಾಕ್ಟ್ ಲಿಸ್ಟಲ್ಲಿ ಇದಾರೆ, ಯಾರು ಅಂತ ಒಬ್ಬರದ್ದೂ ಗೊತ್ತಿಲ್ಲ.

ಹೊಸಚಿಗುರು
ಎಲ್ಲರಿಗೂ ಥ್ಯಾಂಕ್ಸ್. ಸಬ್ಜೆಕ್ಟ್ ಬದಲಾಯಿಸಿ, ಹೆಸರು ಹಾಕಿ, ಮುಂದಿನ ಮಂಗಳವಾರ ಜರ್ಮನಿ ಸಮಯ ಬೆಳಿಗ್ಗೆ 11, ಬುಧವಾರ ಮಧ್ಯಾಹ್ನ 2 ಅಂತ ಕೊಟ್ಟು, ಮೇಲಲ್ಲೇ ಬರೆದ್ರೂ ಸಾಕು ಅನ್ನೋ ಸಾಲು ಸೇರಿಸಿ ಈಗ ಕಳಿಸಿದೆ. ಉತ್ತರ ಬರದಿದ್ರೆ ಎಷ್ಟು ದಿನ ಕಾಯ್ಬೇಕು?

ಹಳೇಶಾಯಿ
ಒಂದು ವಾರ, ಹತ್ತು ದಿನ. ಆಮೇಲೆ ಒಂದೇ ಒಂದು ಸಲ, ಕಳಿಸಿದ ಮೇಲಿಗೇ ರಿಪ್ಲೈ ಒತ್ತಿ ಬರೀರಿ, ಸಬ್ಜೆಕ್ಟ್ ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಜಿಮೇಲಲ್ಲಿ ಅದು ಬೇರೆ ಮೇಲ್ ಆಗಿಬಿಡುತ್ತೆ. "ನೋಡಿಲ್ವಾ" ಅನ್ಬೇಡಿ, ಹಳೇ ದಿನ ಮುಗಿದಿರುತ್ತೆ, ಹೊಸ ದಿನ ಕೊಡಿ ಅಷ್ಟೇ.

ಕಾಲ್‌ಪ್ರಿಯ
ಒಂದೇ ಸಲ ಅನ್ನೋದು ಕಮ್ಮಿ ಆಯ್ತು. ಮೂರು ಸಲ ಕೇಳಿದ್ಮೇಲೆ ಉತ್ತರ ಕೊಟ್ಟವರು ನನಗೆ ಇದಾರೆ.

ಮೂರನೇಸಾಲು
ಮಾರಾಟದಲ್ಲಿ ಮೂರು ಸಲ. ಸಹಾಯ ಕೇಳುವಾಗ ಒಂದೇ.

ಹೊಸಚಿಗುರು
ಉತ್ತರ ಬಂತು! "ಹೌದು ಹೌದು, ಬಾಗಿಲ ಹತ್ರ, ನೆನಪಾಯ್ತು. ಈ ತಿಂಗಳು ರಿಲೀಸ್ ಒತ್ತಡ ಇದೆ, ನವೆಂಬರಲ್ಲಿ ಮಾತಾಡೋಣ. ವಾಪಸ್ ಬರೋ ದಾರಿ ಇಟ್ಕೊಳ್ಳದೇ ಮಾತ್ರ ಬದಲಾಯಿಸ್ಬೇಡಿ" ಅಂತ ಬರ್ದಿದಾರೆ. ಇದು ಬೇಡ ಅಂತಾನಾ, ನಿಜವಾಗ್ಲೂ ನವೆಂಬರ್ ಅಂತಾನಾ?

ನೇರಮಾತು
ಬೇಡ ಅಂತಾನೇ. ನಯವಾಗಿ ಹೇಳಿದಾರೆ. ಅದಕ್ಕೇ ದಾರಿ ಕೊಡ್ಬೇಡಿ ಅಂದಿದ್ದು.

ಗಡಿಯಾರದಮುಳ್ಳು
ತಿಂಗಳು ಹೇಳಿದಾರಲ್ಲ, ಬೇಡ ಅನ್ನೋರು "ಮುಂದೆ ನೋಡೋಣ" ಅಂತಾರೆ.

ಹಳೇಶಾಯಿ
ನನಗೂ ಹೂಂ ಅಂತಾನೇ ಅನ್ಸುತ್ತೆ, ಕೇಳದೇ ಇದ್ರೂ ಒಂದು ಸಲಹೆ ಕೊಟ್ಟಿದಾರೆ. ಇವತ್ತೇ ಒಂದು ಸಾಲು ಥ್ಯಾಂಕ್ಸ್ ಬರೆದು, "ನವೆಂಬರ್ ಎರಡನೇ ವಾರ ದಿನ ಸೂಚಿಸಿ ನಾನೇ ಬರೀತೀನಿ" ಅನ್ನಿ, ಜವಾಬ್ದಾರಿ ನಿಮ್ಮ ಹತ್ರ ಇರ್ಲಿ. ಆಗ ಇದೇ ಮೇಲಿಗೆ ರಿಪ್ಲೈ ಮಾಡಿ ಎರಡು ದಿನ ಕೊಡಿ. ಅಷ್ಟರೊಳಗೆ ವಾಪಸ್ ಬರೋ ದಾರಿ ಬಗ್ಗೆ ನೀವೇ ಒಂದು ಪ್ಲಾನ್ ಬರ್ದಿಟ್ಕೊಳ್ಳಿ, 20 ನಿಮಿಷ ಬರೀ ಅದನ್ನ ವಿವರಿಸೋದ್ರಲ್ಲೇ ಹೋಗಬಾರದು.

ನೇರಮಾತು
ನವೆಂಬರ್ ಆದ್ಮೇಲೆ ಬಂದು ಇಲ್ಲಿ ಹೇಳಿ, ಯಾರು ಸರಿ ಅಂತ ನೋಡೋಣ.

ಹೊಸಚಿಗುರು
ಥ್ಯಾಂಕ್ಸ್ ಮೇಲ್ ಈಗ್ಲೇ ಹಾಕ್ದೆ. ಅವರು ಕ್ಯಾಲೆಂಡರ್ ಇನ್ವೈಟ್ ಕಳಿಸಿದ ದಿನ ಬಂದು ಹೇಳ್ತೀನಿ.

ಕಾಲ್‌ಪ್ರಿಯ
ಇನ್ವೈಟ್ ನೀವೇ ಕಳಿಸ್ಬೇಕು, ಅವರಲ್ಲ. ಅವರು ದಿನ ಒಪ್ಪಿದ ಅದೇ ಗಳಿಗೆಗೆ.